ಮಸುಕು ಬಂದದ್ದು ಎಲ್ಲಿಂದ?

ರಂಗನತಿಟ್ಟಿನ ದೋಣಿಯಲ್ಲಿ ಕೂತವರಿಗೆ ಈ ದೃಶ್ಯ ಹೊಸದಲ್ಲ. ಬಣ್ಣದ ಕೊಕ್ಕರೆಯೊಂದು ಕಡ್ಡಿ ಕಚ್ಚಿಕೊಂಡು ಗೂಡಿನತ್ತ ಹಾರಿ ಬರುತ್ತದೆ; ದೋಣಿ ತುಂಬ ಕ್ಯಾಮೆರಾಗಳ ಚಟಚಟ ಸದ್ದು. ದಡಕ್ಕೆ ಬಂದು ನೋಡಿದರೆ ಇಪ್ಪತ್ತು ಚಿತ್ರಗಳಲ್ಲಿ ಹದಿನೆಂಟು ಮಸುಕು. ಬೈಗುಳ ಬೀಳುವುದು ಸಾಮಾನ್ಯವಾಗಿ ಲೆನ್ಸಿಗೆ. ಪಾಪ, ಅದರ ತಪ್ಪು ಇರುವುದು ಅಪರೂಪ.

ಕೆಟ್ಟ ಚಿತ್ರಗಳನ್ನು ಅಳಿಸುವ ಮೊದಲು ಒಂದನ್ನು ಪರದೆಯ ಮೇಲೆ ಪೂರ್ತಿ ಹಿಗ್ಗಿಸಿ ನೋಡಬೇಕು. ಹಕ್ಕಿಯ ಕಣ್ಣು ಸ್ಪಷ್ಟವಾಗಿದ್ದು ರೆಕ್ಕೆಯ ತುದಿ ಮಾತ್ರ ಎಳೆದಂತಿದ್ದರೆ ಶಟರ್ ವೇಗ ಸಾಲಲಿಲ್ಲ. ಹಕ್ಕಿ, ಮರ, ನೀರು ಎಲ್ಲವೂ ಒಂದೇ ದಿಕ್ಕಿಗೆ ಎಳೆದುಕೊಂಡಿದ್ದರೆ ಅಲುಗಿದ್ದು ಕ್ಯಾಮೆರಾ. ಅದಕ್ಕೂ ಮದ್ದು ಶಟರ್ ವೇಗವೇ. ಆದರೆ ಹಕ್ಕಿ ಇಡಿಯಾಗಿ ಮೆತ್ತಗಾಗಿ, ಹಿಂದಿನ ಬಿದಿರೆಲೆ ಚೂಪಾಗಿ ಕಂಡರೆ ಫೋಕಸ್ ತಪ್ಪಿದೆ. ಆಗ ಶಟರ್ ವೇಗವನ್ನು ಎಷ್ಟು ಏರಿಸಿದರೂ ಫಲವಿಲ್ಲ.

ಶಟರ್ ಲೆಕ್ಕ ಸುಲಭ. ಅಂಗಳದಲ್ಲಿ ಮಗುವೊಂದು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಎಡದಿಂದ ಬಲಕ್ಕೆ ಓಡುತ್ತಿದೆ ಎನ್ನೋಣ. ಶಟರ್ 1/250 ಇದ್ದರೆ ಅದು ತೆರೆದಿರುವಷ್ಟರಲ್ಲೇ ಮಗು 16 ಮಿಲಿಮೀಟರ್ ಸರಿದಿರುತ್ತದೆ. ಚಿತ್ರದ ಚೌಕಟ್ಟಿನೊಳಗೆ 4 ಮೀಟರ್ ಅಗಲದ ಅಂಗಳ ಹಿಡಿದಿದ್ದು, ಚಿತ್ರದ ಅಗಲ 6000 ಪಿಕ್ಸೆಲ್ ಆಗಿದ್ದರೆ, ಅದು 24 ಪಿಕ್ಸೆಲ್‌ಗಳ ಗೀಚು. ರೆಪ್ಪೆ, ಹುಬ್ಬು ಎಲ್ಲ ಅದರಲ್ಲೇ ಕರಗಿಹೋಗುತ್ತವೆ. 1/1000ಕ್ಕೆ ಏರಿಸಿದರೆ ಉಳಿಯುವುದು 6 ಪಿಕ್ಸೆಲ್. ಮುಖಕ್ಕೆ ಇಷ್ಟು ಸಾಕು. ಮುಂದಕ್ಕೆ ಬೀಸುವ ಪಾದ ಮೈಗಿಂತ ಸುಮಾರು ಎರಡು ಪಟ್ಟು ವೇಗವಾಗಿ ಹೋಗುವುದರಿಂದ ಅದಕ್ಕೆ 1/2000 ಬೇಕು. ನಿಧಾನವಾಗಿ ರೆಕ್ಕೆ ಬಡಿಯುವ ಕೊಕ್ಕರೆಗೆ 1/1600 ಹೊಂದುತ್ತದೆ. ಮೀನಿಗಾಗಿ ನೀರಿಗೆ ಎರಗುವ ರೀವ ಹಕ್ಕಿಗೆ 1/3200 ಇಟ್ಟರೂ ಅತಿಯಾಗದು.

ಅದೇ ಮಗು ನೇರ ಕ್ಯಾಮೆರಾದತ್ತ ಓಡಿ ಬಂದರೆ ಲೆಕ್ಕ ತಿರುವುಮುರುವಾಗುತ್ತದೆ. ಅಡ್ಡಡ್ಡ ಸರಿಯುವುದು ಕಡಿಮೆ, ಆದ್ದರಿಂದ ಶಟರ್‌ಗೆ ಹಗುರ. ದೂರ ಮಾತ್ರ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ, ಆದ್ದರಿಂದ ಫೋಕಸ್‌ಗೆ ಕಷ್ಟ. ಕೊಕ್ಕರೆಯ ವಿಷಯದಲ್ಲೂ ಇದೇ ಕಥೆ. ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 400 ಎಂಎಂ ಲೆನ್ಸ್ ಹಾಕಿ f/5.6ರಲ್ಲಿ 10 ಮೀಟರ್ ದೂರದ ಹಕ್ಕಿಯನ್ನು ಹಿಡಿದರೆ, ಸ್ಪಷ್ಟವಾಗಿ ಕಾಣುವ ಆಳ ಸುಮಾರು ಒಂದು ಗೇಣು, 20 ಸೆಂಟಿಮೀಟರ್. ಹಕ್ಕಿ ಸೆಕೆಂಡಿಗೆ 10 ಮೀಟರ್‌ನಂತೆ ಎದುರು ಬರುತ್ತಿದ್ದರೆ ಆ ಗೇಣನ್ನು ದಾಟಲು ಅದಕ್ಕೆ ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕು.

AF-S ಸೋಲುವುದು ಇಲ್ಲಿಯೇ. ಗುಂಡಿಯನ್ನು ಅರ್ಧ ಒತ್ತಿದಾಗ ಅದು ಒಮ್ಮೆ ದೂರ ಅಳೆದು ಅಲ್ಲೇ ನಿಂತುಬಿಡುತ್ತದೆ. ಬೆರಳು ಪೂರ್ತಿ ಒತ್ತುವಷ್ಟರಲ್ಲಿ ಹಕ್ಕಿ ಮುಂದೆ ಬಂದಾಗಿರುತ್ತದೆ. ನಿಕಾನ್, ಸೋನಿಗಳಲ್ಲಿ AF-C, ಕ್ಯಾನನ್‌ನಲ್ಲಿ Servo ಎಂದು ಕಾಣುವ ವಿಧಾನ ದೂರವನ್ನು ಅಳೆಯುತ್ತಲೇ ಇರುತ್ತದೆ. ಹಿಂದಿನ ಅಳತೆಗಳಿಂದ ಹಕ್ಕಿಯ ವೇಗವನ್ನು ಲೆಕ್ಕಹಾಕಿ, ಶಟರ್ ತೆರೆಯುವ ಹೊತ್ತಿಗೆ ಅದು ಎಲ್ಲಿರುತ್ತದೆಂದು ಊಹಿಸಿ ಲೆನ್ಸನ್ನು ಅಲ್ಲಿಗೆ ಒಯ್ಯುತ್ತದೆ. ಊಹಿಸಲು ಅದಕ್ಕೆ ಸ್ವಲ್ಪ ಪುರುಸೊತ್ತು ಬೇಕು. ಹಕ್ಕಿ ಇನ್ನೂ ದೂರ ಇರುವಾಗಲೇ ಗುಂಡಿಯನ್ನು ಅರ್ಧ ಒತ್ತಿ ಹಿಂಬಾಲಿಸತೊಡಗಿದವರಿಗೆ ಒಳ್ಳೆಯ ಚಿತ್ರ ಸಿಗುವುದು ಇದಕ್ಕೇ. ಕ್ಯಾಮೆರಾ ಎತ್ತಿದ ತಕ್ಷಣ ಒತ್ತಿದವರ ಮೊದಲ ಎರಡು ಮೂರು ಚಿತ್ರಗಳು ಸಾಮಾನ್ಯವಾಗಿ ದಂಡ.

ಇಷ್ಟಾದರೂ ಒಂದು ಪೇಚು ಉಳಿಯುತ್ತದೆ. ಹಾರುವ ಹಕ್ಕಿ ಕೊಂಬೆಯ ಹಿಂದೆ ಹಾದರೆ, ಕಬಡ್ಡಿ ಅಂಕಣದಲ್ಲಿ ರೈಡರ್‌ಗೆ ಇನ್ನೊಬ್ಬ ಅಡ್ಡ ಬಂದರೆ, ಕ್ಯಾಮೆರಾ ಹಳೆಯವನನ್ನು ಬಿಟ್ಟು ಹೊಸಬನಿಗೆ ಅಂಟಿಕೊಳ್ಳುತ್ತದೆ. ಎಷ್ಟು ಬೇಗ ಬಿಡಬೇಕೆಂದು ಹೇಳುವ ಆಯ್ಕೆ ಕ್ಯಾನನ್‌ನಲ್ಲಿ Tracking sensitivity, ನಿಕಾನ್‌ನ ಹಲವು ಮಾದರಿಗಳಲ್ಲಿ Focus tracking with lock-on ಎಂಬ ಹೆಸರಿನಲ್ಲಿದೆ. ಎರಡರ ಅಂಕಿಗಳೂ ವಿರುದ್ಧ ದಿಕ್ಕಿನವು: ಹಿಡಿದದ್ದನ್ನು ಬಿಡದಿರಲು ಕ್ಯಾನನ್‌ನಲ್ಲಿ ಮೈನಸ್ ಕಡೆಗೆ ಸರಿಸಬೇಕು, ನಿಕಾನ್‌ನಲ್ಲಿ 5ರ ಕಡೆಗೆ. ಬ್ರಾಂಡ್ ಬದಲಿಸಿದವರು ಇಲ್ಲಿ ಎಡವುವುದುಂಟು. ಬಿಡದಂತೆ ಮಾಡುವುದರಲ್ಲೂ ತೊಂದರೆಯಿದೆ. ಮೊದಲಿಗೇ ಫೋಕಸ್ ಕೊಂಬೆಯ ಮೇಲೆ ಬಿದ್ದರೆ ಕ್ಯಾಮೆರಾ ಕೊಂಬೆಯನ್ನೇ ಹಟ ಹಿಡಿದು ಕೂರುತ್ತದೆ. ಆಗ ಬೆರಳು ಎತ್ತಿ ಮತ್ತೆ ಒತ್ತುವುದೇ ದಾರಿ.

ಇನ್ನು ಬೆಳಕು. ಪ್ರಖರ ಬಿಸಿಲಿನಲ್ಲಿ f/5.6, ಐಎಸ್ಒ 400 ಇಟ್ಟರೆ 1/3200 ಆರಾಮಾಗಿ ಸಿಗುತ್ತದೆ. ಸಂಜೆ ಬೆಳಕು ಅದರ ಎಂಟನೇ ಒಂದು ಭಾಗಕ್ಕೆ ಇಳಿದಾಗ ಅದೇ ವೇಗ ಬೇಕೆಂದರೆ ಐಎಸ್ಒ 3200 ಆಗುತ್ತದೆ, ಚಿತ್ರದಲ್ಲಿ ಕಾಳುಕಾಳು ಕಾಣುತ್ತದೆ. ಕಾಳಿಗೆ ಹೆದರಿ 1/400ಕ್ಕೆ ಇಳಿಯುವವರು ಬಹಳ. ಆದರೆ ಕಾಳನ್ನು ಕಂಪ್ಯೂಟರಿನಲ್ಲಿ ಬಹುಮಟ್ಟಿಗೆ ನಯಗೊಳಿಸಬಹುದು. ಎಳೆದುಹೋದ ರೆಕ್ಕೆಯ ಗರಿಗಳನ್ನು ಅಲ್ಲಿ ಹಾಗೆ ಮರಳಿ ತರಲಾಗದು. ಗೂಡಿನ ಮೇಲೆ ಕಡ್ಡಿ ಜೋಡಿಸುತ್ತ ನಿಂತ ಕೊಕ್ಕರೆಗಾದರೆ, ಕೈ ಅಲುಗದಿದ್ದರೆ, ಆ 1/400 ಧಾರಾಳವಾಯಿತು.