ಐವತ್ತು ಲಕ್ಷಕ್ಕೆ ಯಾವ ಯಂತ್ರ?

ಸಿಂಧನೂರು ಕಡೆಯ ಒಂದು ರೈಸ್‌ಮಿಲ್ ಅಂದುಕೊಳ್ಳಿ. ಸುಗ್ಗಿಯಲ್ಲಿ ಭತ್ತ ಕೊಳ್ಳಲು ಬೇಕಾದ ದುಡ್ಡನ್ನು ಬದಿಗಿಟ್ಟ ಮೇಲೆ, ಬ್ಯಾಂಕಿನ ಸಾಲವೂ ಸೇರಿ, ಈ ವರ್ಷ ಹೊಸ ಯಂತ್ರಗಳಿಗೆಂದು ಮಾಲೀಕರ ಕೈಯಲ್ಲಿ ಉಳಿದಿರುವುದು 50 ಲಕ್ಷ. ಬೇಕಾಗಿರುವುದು ನಾಲ್ಕು: ಭತ್ತ ಒಣಗಿಸುವ ಡ್ರೈಯರ್‌ಗೆ 40 ಲಕ್ಷ, ಕಪ್ಪು ಕಾಳು ಆರಿಸಿ ತೆಗೆಯುವ ಸಾರ್ಟೆಕ್ಸ್‌ಗೆ 25 ಲಕ್ಷ, ಚಾವಣಿಯ ಸೋಲಾರ್‌ಗೆ 20 ಲಕ್ಷ, ಚೀಲ ತುಂಬಿ ಹೊಲಿಯುವ ಪ್ಯಾಕಿಂಗ್ ಯಂತ್ರಕ್ಕೆ 5 ಲಕ್ಷ. ಒಟ್ಟು 90 ಲಕ್ಷ. ನಾಲ್ಕೂ ಲಾಭದವೇ, ಆದರೆ ನಾಲ್ಕಕ್ಕೂ ದುಡ್ಡಿಲ್ಲ. ಹಣಕಾಸಿನವರು ಇದನ್ನೇ ಕ್ಯಾಪಿಟಲ್ ರೇಷನಿಂಗ್ ಎನ್ನುತ್ತಾರೆ.

ಮೊದಲು ಪ್ರತಿ ಯಂತ್ರ ಮುಂದೆ ತರುವ ಹಣದ ಇಂದಿನ ಬೆಲೆ ಕಟ್ಟಬೇಕು. ಸಾರ್ಟೆಕ್ಸ್ ವರ್ಷಕ್ಕೆ 6.2 ಲಕ್ಷದಂತೆ 10 ವರ್ಷ ತರುತ್ತದೆ ಎನ್ನೋಣ. ಕೂಡಿದರೆ 62 ಲಕ್ಷ. ಆದರೆ ಹತ್ತನೇ ವರ್ಷದ 6.2 ಲಕ್ಷ ಇವತ್ತಿನ ಲೆಕ್ಕದಲ್ಲಿ, ಶೇ. 12ರ ದರ ಹಿಡಿದರೆ, ಹೆಚ್ಚುಕಡಿಮೆ 2 ಲಕ್ಷ ಮಾತ್ರ. ಹೀಗೆ ಹತ್ತೂ ವರ್ಷದ್ದನ್ನು ಇಳಿಸಿ ಕೂಡಿದರೆ ಸುಮಾರು 35 ಲಕ್ಷವಾಗುತ್ತದೆ. ಹಾಕಿದ 25 ಲಕ್ಷ ಕಳೆದರೆ ಉಳಿಯುವ 10 ಲಕ್ಷವೇ ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಎನ್‌ಪಿವಿ. ಇದೇ ರೀತಿಯಲ್ಲಿ ಡ್ರೈಯರ್‌ಗೆ 12 ಲಕ್ಷ, ಸೋಲಾರ್‌ಗೆ 7 ಲಕ್ಷ, ಪ್ಯಾಕಿಂಗ್ ಯಂತ್ರಕ್ಕೆ 3 ಲಕ್ಷ ಬಂತು ಎಂದಿಟ್ಟುಕೊಳ್ಳಿ.

ಡ್ರೈಯರ್‌ದೇ ದೊಡ್ಡ ಮೊತ್ತ ಎಂದು ಅದನ್ನು ಮೊದಲು ಕೊಂಡರೆ ಉಳಿಯುವ 10 ಲಕ್ಷದಲ್ಲಿ ಪ್ಯಾಕಿಂಗ್ ಯಂತ್ರ ಮಾತ್ರ ಬರುತ್ತದೆ. ಒಟ್ಟು ಗಳಿಕೆ 15 ಲಕ್ಷ, ಮೇಲೆ 5 ಲಕ್ಷ ಸುಮ್ಮನೆ ಕೂರುತ್ತದೆ. ಎನ್‌ಪಿವಿ ಎಷ್ಟು ಗಳಿಕೆ ಎಂದು ಹೇಳುತ್ತದೆಯೇ ಹೊರತು, ಆ ಗಳಿಕೆಗಾಗಿ ಇರುವ ದುಡ್ಡಿನಲ್ಲಿ ಎಷ್ಟು ನುಂಗಿತು ಎಂದು ಹೇಳುವುದಿಲ್ಲ.

ಅದನ್ನು ಹೇಳುವುದು ಲಾಭದಾಯಕತಾ ಸೂಚ್ಯಂಕ. ಬರುವ ಹಣದ ಇಂದಿನ ಬೆಲೆಯನ್ನು ಹಾಕುವ ಬಂಡವಾಳದಿಂದ ಭಾಗಿಸಿದರೆ ಸಾಕು. ಸಾರ್ಟೆಕ್ಸ್‌ಗೆ 35 ಭಾಗಿಸು 25, ಅಂದರೆ 1.40. ಪ್ಯಾಕಿಂಗ್ ಯಂತ್ರಕ್ಕೆ 1.60, ಸೋಲಾರ್‌ಗೆ 1.35, ಡ್ರೈಯರ್‌ಗೆ 1.30. ಈ ಕ್ರಮದಲ್ಲಿ ಮೇಲಿನಿಂದ ಕೊಳ್ಳುತ್ತ ಬಂದರೆ ಪ್ಯಾಕಿಂಗ್ ಯಂತ್ರ, ಸಾರ್ಟೆಕ್ಸ್, ಸೋಲಾರ್ ಮೂರೂ ಸರಿಯಾಗಿ 50 ಲಕ್ಷಕ್ಕೆ ಬರುತ್ತವೆ. ಗಳಿಕೆ 20 ಲಕ್ಷ. ಎನ್‌ಪಿವಿಯಲ್ಲಿ ಮೊದಲಿದ್ದ ಡ್ರೈಯರ್ ಹೊರಗುಳಿಯಿತು.

ಪಠ್ಯಪುಸ್ತಕಗಳ ಉದಾಹರಣೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ತೊಡಕು ಶುರುವಾಗುವುದೂ ಇಲ್ಲಿಂದಲೇ. ಬ್ಯಾಂಕು 5 ಲಕ್ಷ ಕಡಿಮೆ ಕೊಟ್ಟಿತು, ಕೈಯಲ್ಲಿರುವುದು 45 ಲಕ್ಷ ಎನ್ನಿ. ಮೊದಲೆರಡನ್ನು ಕೊಂಡ ಮೇಲೆ ಉಳಿಯುವ 15 ಲಕ್ಷಕ್ಕೆ ಪೂರ್ತಿ ಸೋಲಾರ್ ಬರುವುದಿಲ್ಲ. ಗಳಿಕೆ 13 ಲಕ್ಷಕ್ಕೆ ಕುಸಿಯುತ್ತದೆ. ಪಟ್ಟಿಯ ಮೊದಲ ಸ್ಥಾನದ ಪ್ಯಾಕಿಂಗ್ ಯಂತ್ರವನ್ನೇ ಬಿಟ್ಟು ಸಾರ್ಟೆಕ್ಸ್ ಮತ್ತು ಸೋಲಾರ್ ಕೊಂಡರೆ ಅದೇ 45 ಲಕ್ಷಕ್ಕೆ 17 ಲಕ್ಷ! ಇನ್ನೊಂದು ದಾರಿಯೂ ಇದೆ. ಚಾವಣಿಯ ಮುಕ್ಕಾಲು ಭಾಗಕ್ಕಷ್ಟೇ ಪ್ಯಾನೆಲ್ ಹಾಕಿಸಿ, ಉಳಿತಾಯವೂ ಅದೇ ಪ್ರಮಾಣದಲ್ಲಿ ಬಂದರೆ, ಮೂರೂ ಸೇರಿ 18.25 ಲಕ್ಷವಾಗುತ್ತದೆ. ಸೂಚ್ಯಂಕದ ಕ್ರಮ ಚಾಚೂ ತಪ್ಪದೆ ನಡೆಯುವುದು ಯೋಜನೆಯನ್ನು ಹೀಗೆ ತುಂಡು ಮಾಡಲು ಬಂದಾಗ ಮಾತ್ರ. ಡ್ರೈಯರನ್ನು ಮುಕ್ಕಾಲು ಕೊಳ್ಳಲು ಬರುತ್ತದೆಯೇ?

ಸೂಚ್ಯಂಕವನ್ನು ಬೇಕಾದಂತೆ ತಿರುಚುವುದೂ ಕಷ್ಟವಲ್ಲ. ಸಾರ್ಟೆಕ್ಸ್‌ನ 35 ಲಕ್ಷವು ಮುಂದಿನ ವರ್ಷಗಳ ದುರಸ್ತಿಗೆ 5 ಲಕ್ಷ ಕಳೆದು ಬಂದ ಮೊತ್ತ ಎನ್ನಿ. ಆ 5 ಲಕ್ಷವನ್ನು ಮೇಲೆ ಕಳೆಯುವ ಬದಲು ಬಂಡವಾಳಕ್ಕೆ ಕೂಡಿಸಿದರೆ 40 ಭಾಗಿಸು 30, ಅಂದರೆ 1.33. ಎನ್‌ಪಿವಿ ಅದೇ 10 ಲಕ್ಷ. ಆದರೂ ಸಾರ್ಟೆಕ್ಸ್ ಸೋಲಾರ್‌ಗಿಂತ ಕೆಳಗಿಳಿಯಿತು. ಕೊರತೆ ಇರುವುದು ಈ ವರ್ಷದ ಹಣಕ್ಕೆ. ಆದ್ದರಿಂದ ಈ ವರ್ಷ ಕೈಬಿಡುವ ಹಣ ಮಾತ್ರ ಕೆಳಗೆ ಬರಬೇಕು, ದುರಸ್ತಿಯನ್ನು ಮೇಲೆಯೇ ಕಳೆಯಬೇಕು. ಯಾರಾದರೂ ಸೂಚ್ಯಂಕದ ಪಟ್ಟಿ ತಂದಿಟ್ಟರೆ ಮೊದಲು ಕೇಳಬೇಕಾದದ್ದು ಇದನ್ನೇ.

ಮುಂದಿನ ವರ್ಷವೂ ದುಡ್ಡಿಗೆ ಮಿತಿಯಿದ್ದು, ಯಂತ್ರಗಳಿಗೆ ಎರಡು ಕಂತಿನಲ್ಲಿ ಕಟ್ಟಬೇಕಾದರೆ ಒಂದೇ ಸೂಚ್ಯಂಕ ಸಾಲದು. ಷಿಕಾಗೋ ವಿಶ್ವವಿದ್ಯಾಲಯದ ಜೇಮ್ಸ್ ಲೋರಿ ಮತ್ತು ಲಿಯೊನಾರ್ಡ್ ಸ್ಯಾವೇಜ್ 1955ರಲ್ಲೇ ಈ ತೊಡಕನ್ನು ಎತ್ತಿದ್ದರು.

ಪಟ್ಟಿ ಚಿಕ್ಕದಿದ್ದರೆ ಸೂಚ್ಯಂಕದಿಂದ ಶುರುಮಾಡಿ, ಆಮೇಲೆ ಎಲ್ಲ ಜೋಡಣೆಗಳನ್ನೂ ಕಾಗದದ ಮೇಲೆ ಬರೆದು ನೋಡಿ. ಏನನ್ನೂ ಕೊಳ್ಳದಿರುವುದೂ ಸೇರಿ, ನಾಲ್ಕು ಯಂತ್ರಗಳಿಗೆ ಇರುವುದು 16 ಜೋಡಣೆ. ಇಪ್ಪತ್ತು ಯೋಜನೆಗಳಾದರೆ ಅದು 10 ಲಕ್ಷ ದಾಟುತ್ತದೆ, ಆಗ ಎಕ್ಸೆಲ್‌ನ ಸಾಲ್ವರ್‌ಗೆ ಒಪ್ಪಿಸುವುದೇ ವಾಸಿ.