ಒತ್ತಕ್ಷರ ಕೆಡದ ಲಗ್ನಪತ್ರಿಕೆ

ಮದುವೆ ಕರೆಯೋಲೆಯಲ್ಲಿ ಬಣ್ಣ ತುಸು ಮಾಸಿದರೆ ಹೆಚ್ಚಿನವರು ಗಮನಿಸುವುದಿಲ್ಲ. ವಧುವಿನ ಹೆಸರಿನ ‘ಲಕ್ಷ್ಮಿ’ಯಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಅಚ್ಚಾದರೆ ಮಾತ್ರ ಇಡೀ ಕಟ್ಟು ವಾಪಸು ಬರುತ್ತದೆ. ಊರಿನ ಗಿರಾಕಿಗಳಿಗೆ ವಿನ್ಯಾಸ ಮಾಡಿಕೊಡುವವರು ಮೊದಲು ಕಲಿಯಬೇಕಾದದ್ದು ಅಕ್ಷರ ಕಾಯುವುದನ್ನು.

ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ 5×7 ಇಂಚಿನ ಪತ್ರಿಕೆ ಮಾಡುವುದನ್ನೇ ನೋಡೋಣ. ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯದಂತೆ ಹಿನ್ನೆಲೆ ಬಣ್ಣವನ್ನು ಸುತ್ತಲೂ 3 ಮಿ.ಮೀ. ಹೊರಕ್ಕೆ ಚಾಚಬೇಕು. ವಾಟ್ಸಾಪ್‌ನಲ್ಲಿ ಬಂದ ಒಕ್ಕಣೆ ಯೂನಿಕೋಡ್‌ನಲ್ಲಿರುವುದರಿಂದ ‘ಬಾಲೂ ತಮ್ಮ’ದಂಥ ಉಚಿತ ಫಾಂಟಿನಲ್ಲಿ ನೇರವಾಗಿ ಕೂರುತ್ತದೆ. ಹಳೆಯ ನುಡಿ ಕಡತದಿಂದ ನಕಲಿಸಿದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸುತ್ತದೆ. ಅದನ್ನು ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತುಗಳನ್ನು ಕಣ್ಣಾರೆ ತಿದ್ದಬೇಕು.

ಪರದೆಯ ಮೇಲೆ ಸರಿಯಿದ್ದದ್ದು ಪ್ರೆಸ್ಸಿನಲ್ಲಿ ಕೆಡುವುದೇಕೆ? ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದಿಲ್ಲ, ಅಥವಾ ಹಳೆಯ ತಂತ್ರಾಂಶಕ್ಕೆ ಕನ್ನಡದ ಒತ್ತು ಜೋಡಿಸಲು ಬರುವುದಿಲ್ಲ. ಅದಕ್ಕೇ ಪಠ್ಯವನ್ನು ಆಯ್ದು Path ಮೆನುವಿನ Object to Path ಒತ್ತಬೇಕು. ಆಗ ಅಕ್ಷರಗಳೆಲ್ಲ ಚಿತ್ರರೇಖೆಗಳಾಗುತ್ತವೆ, ಪಿಡಿಎಫ್ ಎಲ್ಲಿ ತೆರೆದರೂ ಒತ್ತು ಕದಲುವುದಿಲ್ಲ. ಆದರೆ ರೇಖೆಯಾದ ಮೇಲೆ ಟೈಪ್ ಮಾಡಿ ತಿದ್ದಲಾಗದು. ಮುಹೂರ್ತ 10.30 ಅಲ್ಲ, 10.45 ಎಂದು ಸಂಜೆ ಫೋನ್ ಬರುವುದು ಈ ಕಸುಬಿನಲ್ಲಿ ಮಾಮೂಲು. ಹಾಗಾಗಿ ಮೂಲ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಲೇಬೇಕು.

ಅಂಗಡಿ ಬ್ಯಾನರಿಗೂ ವಿಸಿಟಿಂಗ್ ಕಾರ್ಡಿಗೂ ಇದೇ ಕ್ರಮ. ರೇಖೆಯ ಅಕ್ಷರ ಹತ್ತು ಅಡಿಗೆ ಹಿಗ್ಗಿದರೂ ಮಸುಕಾಗದು, ಫೋಟೊ ಮಾತ್ರ ಒಡೆಯುತ್ತದೆ. ಆದ್ದರಿಂದ ಮಾಲೀಕರ ಫೋಟೊವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ತರಿಸಿಕೊಳ್ಳಬೇಕು.