ಮೂವರು ಎಂಜಿನಿಯರ್‌ಗಳು, ನೂರನಲವತ್ತು ಸರ್ವಿಸ್‌ಗಳು

ಆರು ಜನರ ಕಂಪನಿಯೊಂದು ಬಸ್ ಟಿಕೆಟ್ ಕಾಯ್ದಿರಿಸುವ ಆ್ಯಪ್ ಕಟ್ಟಲು ಹೊರಟಿದೆ ಎನ್ನಿ. ಸೀಟು, ಹಣ ಪಾವತಿ, ಎಸ್ಸೆಮ್ಮೆಸ್ ಎಲ್ಲವನ್ನೂ ಒಂದೇ ಪ್ರೋಗ್ರಾಮಿನಲ್ಲಿ ಇಡಬೇಕೋ, ಅಥವಾ ನೆಟ್‌ವರ್ಕ್ ಮೂಲಕ ಮಾತಾಡಿಕೊಳ್ಳುವ ಬೇರೆ ಬೇರೆ ಪ್ರೋಗ್ರಾಮುಗಳಾಗಿ ಒಡೆಯಬೇಕೋ? ಮೊದಲನೆಯದು ಮೊನೊಲಿತ್, ಎರಡನೆಯದು ಮೈಕ್ರೊಸರ್ವಿಸ್. ನೆಟ್‌ಫ್ಲಿಕ್ಸ್ ಒಡೆದು ಗೆದ್ದಿತಲ್ಲ, ನಾವೂ ಒಡೆಯೋಣ ಎನ್ನುವವರು ಬಹಳ. ಅಲ್ಲಿ ಎಷ್ಟು ಮಂದಿ ಎಂಜಿನಿಯರ್‌ಗಳಿದ್ದಾರೆ ಎಂದು ಕೇಳುವವರು ಕಡಿಮೆ.

ಈ ಲೆಕ್ಕವನ್ನು ಅನುಭವದಿಂದಲೇ ಕಲಿತ ಕಂಪನಿ ಅಮೆರಿಕದ ಸೆಗ್ಮೆಂಟ್. ವೆಬ್‌ಸೈಟುಗಳಲ್ಲಿ ಬಳಕೆದಾರರು ಏನು ಮಾಡಿದರು ಎಂಬ ಮಾಹಿತಿಯನ್ನು ಪಡೆದು, ಗೂಗಲ್ ಅನಲಿಟಿಕ್ಸ್‌ನಂಥ ಹತ್ತಾರು ಕಡೆಗೆ ತಲುಪಿಸುವುದು ಅದರ ಕೆಲಸ. ಮೊದಲು ಎಲ್ಲ ಮಾಹಿತಿಯೂ ಒಂದೇ ಸರತಿಯಲ್ಲಿ ನಿಲ್ಲುತ್ತಿತ್ತು. ತಲುಪಬೇಕಾದ ಒಂದು ಕಡೆ ಕೆಟ್ಟರೂ ಮತ್ತೆ ಮತ್ತೆ ಕಳಿಸುವ ಪ್ರಯತ್ನಗಳಿಂದ ಸರತಿ ತುಂಬಿ, ಉಳಿದ ಎಲ್ಲದಕ್ಕೂ ತಡವಾಗುತ್ತಿತ್ತು. ಅದಕ್ಕೆ ಪ್ರತಿಯೊಂದಕ್ಕೂ ಪ್ರತ್ಯೇಕ ಸರತಿ, ಪ್ರತ್ಯೇಕ ಸರ್ವಿಸ್ ಮಾಡಿದರು. ಕಾರಣ ಸರಿಯಾಗಿಯೇ ಇತ್ತು, ಸಮಸ್ಯೆಯೂ ಬಗೆಹರಿಯಿತು.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಎಲ್ಲ ಸರ್ವಿಸ್‌ಗಳೂ ಬಳಸುವ ಸಾಮಾನ್ಯ ಕೋಡ್ ಒಂದಿತ್ತು. ಅದರಲ್ಲಿ ಸಣ್ಣ ತಿದ್ದುಪಡಿ ಮಾಡಿದರೂ ಪ್ರತಿ ಸರ್ವಿಸನ್ನೂ ಪರೀಕ್ಷಿಸಿ, ಹೊಸದಾಗಿ ಡಿಪ್ಲಾಯ್ ಮಾಡಬೇಕು. ಸಮಯ ಸಾಲದವರು ಕೈಯಲ್ಲಿರುವ ಒಂದನ್ನಷ್ಟೇ ಸರಿಪಡಿಸಿ ಮುಂದೆ ಹೋದರು. ಕ್ರಮೇಣ ಒಂದೊಂದು ಸರ್ವಿಸಿನಲ್ಲೂ ಆ ಕೋಡಿನ ಒಂದೊಂದು ಆವೃತ್ತಿ ಉಳಿಯಿತು. ಸರ್ವಿಸ್‌ಗಳ ಸಂಖ್ಯೆ 140 ದಾಟುವ ಹೊತ್ತಿಗೆ ಮೂವರು ಎಂಜಿನಿಯರ್‌ಗಳ ಸಮಯದ ಬಹುಪಾಲು ಅವು ನಿಲ್ಲದಂತೆ ನೋಡಿಕೊಳ್ಳುವುದಕ್ಕೇ ಹೋಗುತ್ತಿತ್ತು. ಕೊನೆಗೆ ಎಲ್ಲವನ್ನೂ ಮತ್ತೆ ಒಂದೇ ಸರ್ವಿಸಿಗೆ ತಂದರು. 2018ರಲ್ಲಿ ಅದನ್ನು ಬಹಿರಂಗವಾಗಿ ಬರೆದರು. ಆಮೇಲೆ ಒಬ್ಬ ಎಂಜಿನಿಯರ್ ಕೆಲವೇ ನಿಮಿಷಗಳಲ್ಲಿ ಡಿಪ್ಲಾಯ್ ಮುಗಿಸಬಹುದಾಯಿತು. ಬೆಲೆಯೂ ತೆತ್ತರು: ಈಗ ಒಂದು ಭಾಗದ ದೋಷ ಇಡೀ ಸರ್ವಿಸನ್ನು ಬೀಳಿಸಬಲ್ಲದು ಎಂದು ಅವರೇ ಒಪ್ಪಿಕೊಂಡಿದ್ದಾರೆ.

ಡಿಪ್ಲಾಯ್‌ಮೆಂಟಿನ ಹೊರೆ ಹೇಗೋ ಕಣ್ಣಿಗೆ ಬೀಳುತ್ತದೆ. ಡೇಟಾದ ಒಡೆತನ ಹಾಗಲ್ಲ, ಮತ್ತು ನನ್ನ ಪ್ರಕಾರ ನಿರ್ಧಾರ ನಿಲ್ಲಬೇಕಾದದ್ದು ಅದರ ಮೇಲೆ. ನಮ್ಮ ಬಸ್ ಆ್ಯಪ್ ಮೊನೊಲಿತ್ ಆಗಿದ್ದರೆ ಸೀಟಿನ ಪಟ್ಟಿಯೂ ಪಾವತಿಯ ಪಟ್ಟಿಯೂ ಒಂದೇ ಡೇಟಾಬೇಸಿನಲ್ಲಿರುತ್ತವೆ. ಎರಡೂ ದಾಖಲೆ ಒಟ್ಟಿಗೆ ಉಳಿಯಬೇಕು, ಇಲ್ಲವೇ ಎರಡೂ ಉಳಿಯಬಾರದು ಎಂದು ಹೇಳಿದರೆ ಸಾಕು, ಡೇಟಾಬೇಸ್ ನೋಡಿಕೊಳ್ಳುತ್ತದೆ. ಒಡೆದ ಮೇಲೆ ಈ ಸೌಕರ್ಯ ಇಲ್ಲ. ಸೀಟು ಸರ್ವಿಸ್ 14ನೇ ಸೀಟನ್ನು ಹಿಡಿದಿಟ್ಟು ಪಾವತಿ ಸರ್ವಿಸಿಗೆ ಸಂದೇಶ ಕಳಿಸುತ್ತದೆ, ಉತ್ತರ ಬರುವುದಿಲ್ಲ. ಪಾವತಿ ದಾಖಲಾಯಿತೋ ಇಲ್ಲವೋ ಗೊತ್ತಿಲ್ಲ. ಸೀಟನ್ನು ಬಿಟ್ಟರೆ ಹಣ ಕೊಟ್ಟವರಿಗೆ ಮೋಸ, ಬಿಡದಿದ್ದರೆ ಸೀಟು ಖಾಲಿ ಹೋಗುತ್ತದೆ. ಆದ್ದರಿಂದ ಸೀಟಿಗೆ ಗಡುವು ಹಾಕಬೇಕು, ಪಾವತಿ ಏನಾಯಿತೆಂದು ಮತ್ತೆ ವಿಚಾರಿಸಬೇಕು, ಅದೇ ಬೇಡಿಕೆ ಎರಡು ಸಲ ಬಂದರೂ ಹಣ ಒಮ್ಮೆಯೇ ಕಡಿತವಾಗುವಂತೆ ಗುರುತಿನ ಸಂಖ್ಯೆ ಕೊಡಬೇಕು, ಗಡುವು ಮೀರಿದ್ದಕ್ಕೆ ಹಣ ಹಿಂತಿರುಗಿಸುವ ಕೋಡ್ ಬರೆಯಬೇಕು. ಬ್ಯಾಂಕು ಹೊರಗಿರುವುದರಿಂದ ಮೊನೊಲಿತ್ತಿಗೂ ಇದು ಪೂರ್ತಿ ತಪ್ಪುವುದಿಲ್ಲ, ನಿಜ. ಆದರೆ ಬ್ಯಾಂಕಿನ ಗಡಿಯಲ್ಲಿ ಒಮ್ಮೆ ಮಾಡಬೇಕಾದದ್ದನ್ನು ನಮ್ಮದೇ ಭಾಗಗಳ ನಡುವೆ ಪ್ರತಿ ಗಡಿಯಲ್ಲೂ ಮಾಡುವುದು ಆರು ಜನಕ್ಕೆ ದುಬಾರಿ.

ಈ ಕಷ್ಟ ತಪ್ಪಿಸಲು ಕೆಲವರು ಪ್ರೋಗ್ರಾಮುಗಳನ್ನು ಒಡೆದು ಡೇಟಾಬೇಸನ್ನು ಮಾತ್ರ ಒಂದೇ ಇಟ್ಟುಕೊಳ್ಳುತ್ತಾರೆ. ಇದು ಎರಡೂ ಕಡೆಯ ಕೆಟ್ಟದ್ದನ್ನು ಒಟ್ಟಿಗೆ ತರುತ್ತದೆ. ಒಂದು ತಂಡ ಪಟ್ಟಿಯ ಕಾಲಮ್ಮಿನ ಹೆಸರು ಬದಲಿಸಿದರೆ ಇನ್ನೊಂದು ತಂಡದ ಸರ್ವಿಸ್ ನಿಲ್ಲುತ್ತದೆ. ಪತ್ತೆ ಮಾಡುವುದು ಸುಲಭ: ಕಳೆದ ಕೆಲವು ತಿಂಗಳ ಡಿಪ್ಲಾಯ್ ದಾಖಲೆ ತೆಗೆದು ನೋಡಿ. ಎರಡು ಸರ್ವಿಸ್‌ಗಳು ಸದಾ ಒಂದೇ ದಿನ ಹೊರಬರುತ್ತಿದ್ದರೆ ಅವು ಒಡೆದಿಲ್ಲ, ನಡುವೆ ನೆಟ್‌ವರ್ಕ್ ಬಂದಿದೆ ಅಷ್ಟೇ.

ಸಾಫ್ಟ್‌ವೇರಿನ ವಿನ್ಯಾಸ ಅದನ್ನು ಕಟ್ಟುವ ಸಂಸ್ಥೆಯೊಳಗಿನ ಸಂವಹನದ ರಚನೆಯನ್ನೇ ಹೋಲುತ್ತದೆ ಎಂದು ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು. ಪಾವತಿಗೆಂದೇ ಪ್ರತ್ಯೇಕ ತಂಡವಿದ್ದು, ಅದರ ಸಿದ್ಧವಾದ ಕೆಲಸ ಬೇರೆಯವರ ಪರೀಕ್ಷೆ ಮುಗಿಯಲೆಂದು ವಾರಗಟ್ಟಲೆ ಕಾಯುತ್ತಿದ್ದರೆ ಒಡೆಯಲು ಕಾರಣವಿದೆ. ಹಾಗೆಂದು ಜನ ಹೆಚ್ಚಿದೊಡನೆ ಒಡೆಯಲೇಬೇಕೆಂದೂ ಇಲ್ಲ. ಸಾವಿರಕ್ಕೂ ಹೆಚ್ಚು ಡೆವಲಪರ್‌ಗಳ ಕೈ ಹಾದ ಶಾಪಿಫೈ ತನ್ನ ಮುಖ್ಯ ಪ್ರೋಗ್ರಾಮನ್ನು ಒಂದಾಗಿಯೇ ಉಳಿಸಿಕೊಂಡು, ಒಳಗೆ ಗಟ್ಟಿಯಾದ ಗಡಿಗಳನ್ನು ಹಾಕುವ ದಾರಿ ಹಿಡಿಯಿತು.

ಹಾಗಾಗಿ ಆ ಆರು ಜನಕ್ಕೆ ನನ್ನ ಉತ್ತರ: ಒಂದೇ ಪ್ರೋಗ್ರಾಮ್, ಒಂದೇ ಡೇಟಾಬೇಸ್, ಆದರೆ ಸೀಟಿನ ಪಟ್ಟಿಗೆ ಪಾವತಿಯ ಕೋಡ್ ನೇರವಾಗಿ ಕೈ ಹಾಕಬಾರದು. ಮುಂದೆ ಏನನ್ನಾದರೂ ಹೊರಗೆ ತೆಗೆಯಲೇಬೇಕಾದರೆ ಎಸ್ಸೆಮ್ಮೆಸ್‌ನಿಂದ ಶುರುಮಾಡಿ. ಅದಕ್ಕೆ ಸ್ವಂತದ್ದೆನ್ನುವ ಡೇಟಾ ಹೆಚ್ಚಿಲ್ಲ, ಎರಡು ನಿಮಿಷ ತಡವಾಗಿ ಹೋದರೂ ಯಾರ ಸೀಟೂ ತಪ್ಪುವುದಿಲ್ಲ.